ಗೊತ್ತಿಲ್ಲ, ಗೊತ್ತಿರಲಿಲ್ಲ: ನೆನಪಿನ ಬರಹದಲ್ಲಿ ಕ್ರಿಯಾಪದದ ಕಾಲ

(ಕಲಬುರಗಿಯಲ್ಲಿ ತಮ್ಮ ಬದುಕಿನ ನೆನಪುಗಳನ್ನು ಬರೆಯುತ್ತಿರುವ ಹಿರಿಯರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ.)

ನೀವು ಓದಲೆಂದು ಕೊಟ್ಟ ಹಸ್ತಪ್ರತಿಗಳಲ್ಲಿ ಒಂದರಲ್ಲಿ ಹೀಗೊಂದು ವಾಕ್ಯವಿತ್ತು: ‘ಆ ರಾತ್ರಿ ಅಣ್ಣ ಯಾಕೆ ಮನೆ ಬಿಟ್ಟು ಹೋದ ಎಂದು ನನಗೆ ಗೊತ್ತಿಲ್ಲ.’ ಅದನ್ನು ಓದಿ ನಾನು ಸ್ವಲ್ಪ ಹೊತ್ತು ಹಾಳೆಯನ್ನು ಕೆಳಗಿಟ್ಟೆ. ಬರೆದವರಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಇಷ್ಟು ವರ್ಷ ಆ ಪ್ರಶ್ನೆಯನ್ನು ಅವರು ಹೊತ್ತುಕೊಂಡೇ ಇದ್ದಾರೆ, ಅದಕ್ಕೆ ಉತ್ತರ ಸಿಕ್ಕಿಲ್ಲ, ಬಹುಶಃ ಇನ್ನು ಸಿಗುವುದೂ ಇಲ್ಲ ಎಂದುಕೊಂಡೆ. ಎರಡು ಪುಟ ಕಳೆದ ಮೇಲೆ ನೋಡಿದರೆ, ಅಣ್ಣ ಸೈನ್ಯಕ್ಕೆ ಸೇರಲು ಹೋಗಿದ್ದ, ವಾರದೊಳಗೆ ಅವನ ಪತ್ರವೂ ಬಂದಿತ್ತು. ಬರೆದವರು ಸುಳ್ಳು ಹೇಳಿರಲಿಲ್ಲ. ಅವರು ಹೇಳಬೇಕಾಗಿದ್ದದ್ದು ‘ಗೊತ್ತಿರಲಿಲ್ಲ’ ಎಂದು. ನಡುವಿನ ಎರಡು ಅಕ್ಷರ ಬಿಟ್ಟುಹೋದದ್ದರಿಂದ, ಒಂದು ವಾರದ ಆತಂಕವು ಓದುಗನ ಮನಸ್ಸಿನಲ್ಲಿ ಒಂದು ಜನ್ಮದ ಕೊರಗಾಗಿ ಕುಳಿತಿತು, ಮತ್ತು ಪತ್ರ ಬಂದ ಸುದ್ದಿ ಓದಿದಾಗ ಅವನಿಗೆ ಸಮಾಧಾನವಾಗುವ ಬದಲು ಮೋಸಹೋದಂತಾಯಿತು.

ಇಂದು ನಾನು ಮಾತನಾಡಲು ಆಯ್ದುಕೊಂಡಿರುವುದು ಇಷ್ಟೇ ಸಣ್ಣ ವಿಷಯ. ನೆನಪಿನ ಬರಹದಲ್ಲಿ ಎರಡು ‘ನಾನು’ಗಳು ಇರುತ್ತವೆ. ಅಂದು ಅನುಭವಿಸಿದ ನಾನು ಒಂದು, ಇಂದು ಕುಳಿತು ಬರೆಯುತ್ತಿರುವ ನಾನು ಇನ್ನೊಂದು. ಇಬ್ಬರಿಗೂ ಹೆಸರು ಒಂದೇ ಆದರೂ ತಿಳಿವಳಿಕೆ ಒಂದೇ ಅಲ್ಲ. ಒಂಬತ್ತು ವರ್ಷದ ಹುಡುಗನಿಗೆ ತಿಳಿಯದ ಸಂಗತಿಗಳು ಅರವತ್ತು ದಾಟಿದವನಿಗೆ ತಿಳಿದಿವೆ. ಹುಡುಗನಿಗೆ ಕೈಯಳತೆಯಲ್ಲಿ ಇದ್ದ ವಾಸನೆ, ಸದ್ದು, ಭಯಗಳು ಮುದುಕನಿಗೆ ಅರ್ಧ ಮರೆತುಹೋಗಿವೆ. ಯಾವ ವಾಕ್ಯವನ್ನು ಇವರಲ್ಲಿ ಯಾರು ಹೇಳುತ್ತಿದ್ದಾರೆ ಎಂಬುದನ್ನು ಓದುಗನಿಗೆ ತಿಳಿಸುವ ಕೆಲಸವನ್ನು ಕನ್ನಡದಲ್ಲಿ ಬಹುಮಟ್ಟಿಗೆ ಕ್ರಿಯಾಪದದ ಕೊನೆ ಮಾಡುತ್ತದೆ. ಹಾಗಾಗಿ ಕಾಲವನ್ನು ಆರಿಸುವಾಗ ಘಟನೆ ಯಾವಾಗ ನಡೆಯಿತು ಎಂದು ಮಾತ್ರ ಕೇಳಿಕೊಂಡರೆ ಸಾಲದು. ಈ ವಾಕ್ಯದಲ್ಲಿರುವ ಸಂಗತಿ ಯಾರಿಗೆ, ಯಾವಾಗ ಗೊತ್ತಿತ್ತು ಎಂದು ಕೇಳಿಕೊಳ್ಳಬೇಕು.

ನಮ್ಮ ಭಾಷೆಯ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ‘ಹಿತ್ತಲಿನ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ, ಬಂದವರನ್ನೆಲ್ಲ ಮಾತನಾಡಿಸುತ್ತಾ ಅಜ್ಜಿ’ ಎಂಬಲ್ಲಿಯವರೆಗೆ ಓದಿದವನಿಗೆ ಅಜ್ಜಿ ಒಂದು ದಿನ ಹಾಗೆ ಕೂತಳೋ, ದಿನವೂ ಕೂರುತ್ತಿದ್ದಳೋ, ಈಗಲೂ ಕೂರುತ್ತಾಳೋ ತಿಳಿಯುವುದಿಲ್ಲ. ಹಾಸಿಕೊಂಡು, ಮಾಡುತ್ತಾ, ಮಾತನಾಡಿಸುತ್ತಾ ಎಂಬ ರೂಪಗಳಿಗೆ ತಮ್ಮದೇ ಆದ ಕಾಲವಿಲ್ಲ. ಕೊನೆಯ ಪದ ಕೊಟ್ಟದ್ದನ್ನು ಅವು ತೆಗೆದುಕೊಳ್ಳುತ್ತವೆ. ಇದು ನಮಗೆ ದೊಡ್ಡ ಅನುಕೂಲ, ಏಕೆಂದರೆ ಒಂದೇ ಕಾಲಸೂಚಕದ ಮೇಲೆ ಇಡೀ ಚಿತ್ರವನ್ನು ನಿಲ್ಲಿಸಬಹುದು. ಆದರೆ ಹಿಂದಿನ ವಾಕ್ಯ 1970ರ ದಶಕದಲ್ಲಿದ್ದು ಈ ವಾಕ್ಯ ಇಂದಿನದಾಗಿದ್ದರೆ, ಓದುಗ ವಾಕ್ಯ ಮುಗಿಯುವವರೆಗೂ ಅದನ್ನು ತಪ್ಪು ಕಾಲದಲ್ಲಿ ಓದಿರುತ್ತಾನೆ, ಕೊನೆಯ ಪದಕ್ಕೆ ಬಂದಾಗ ಎಡವುತ್ತಾನೆ, ಹಿಂದಿರುಗಿ ಮತ್ತೆ ಓದುತ್ತಾನೆ. ಆದ್ದರಿಂದ ಕಾಲ ಬದಲಾಗುವ ವಾಕ್ಯದ ತಲೆಯಲ್ಲೇ ಒಂದು ಗುರುತು ಇರಬೇಕು: ಈಗ, ಆಗ, ಆ ದಿನ, ಇದನ್ನು ಬರೆಯುವಾಗ. ಅಂಥ ಗುರುತು ಪ್ರತಿ ವಾಕ್ಯಕ್ಕೂ ಬೇಡ. ದಾಟುವ ವಾಕ್ಯಕ್ಕೆ ಮಾತ್ರ ಬೇಕು.

ಇನ್ನೊಂದು ವಿಷಯ, ಇದು ನಿಮ್ಮಲ್ಲಿ ಹಲವರ ಬರಹಗಳಲ್ಲಿ ಕಂಡದ್ದು. ಗತಕಾಲವನ್ನು ಜೀವಂತವಾಗಿಸಬೇಕೆಂದು ಇಡೀ ಅಧ್ಯಾಯವನ್ನು ವರ್ತಮಾನದಲ್ಲಿ ಬರೆಯುವ ರೂಢಿ ಈಚೆಗೆ ಹೆಚ್ಚಾಗಿದೆ. ‘ಅಪ್ಪ ಅಂಗಳಕ್ಕೆ ಬರುತ್ತಾನೆ. ಕಟ್ಟೆಯ ಮೇಲೆ ಕೂರುತ್ತಾನೆ. ಬೀಡಿ ಹಚ್ಚುತ್ತಾನೆ.’ ಇದರಲ್ಲಿ ನನಗೆ ಒಂದು ತೊಂದರೆ ಕಾಣುತ್ತದೆ, ಅದು ರುಚಿಯ ಪ್ರಶ್ನೆಯಲ್ಲ. ಕನ್ನಡದ ‘ಬರುತ್ತಾನೆ’ ಎಂಬ ರೂಪ ಮೂರು ಕೆಲಸ ಮಾಡುತ್ತದೆ. ದಿನವೂ ಬರುತ್ತಾನೆ ಎಂಬ ರೂಢಿಯನ್ನು ಹೇಳುತ್ತದೆ, ನಾಳೆ ಬರುತ್ತಾನೆ ಎಂಬ ಮುಂದಿನದನ್ನು ಹೇಳುತ್ತದೆ, ಕಥನದಲ್ಲಿ ಇಗೋ ಬಂದ ಎಂಬುದನ್ನೂ ಹೇಳುತ್ತದೆ. ಭೂತಕಾಲದಲ್ಲಾದರೆ ಈ ಗೊಂದಲ ಇರುವುದಿಲ್ಲ: ‘ಕೂತ’ ಎಂದರೆ ಒಂದು ಸಲ, ‘ಕೂರುತ್ತಿದ್ದ’ ಎಂದರೆ ಹಲವು ಸಲ ಅಥವಾ ಆ ಹೊತ್ತಿನಲ್ಲಿ ನಡೆಯುತ್ತಿದ್ದದ್ದು. ವರ್ತಮಾನಕ್ಕೆ ಬಂದ ಕೂಡಲೇ ಈ ಭೇದ ಅಳಿಸಿಹೋಗುತ್ತದೆ. ಅಪ್ಪ ಬೀಡಿ ಹಚ್ಚಿದ್ದು ಆ ಒಂದು ಸಂಜೆಯೋ, ಎಲ್ಲ ಸಂಜೆಗಳೋ? ನೆನಪಿನ ಬರಹದಲ್ಲಿ ಇದು ಮುಖ್ಯವಾದ ಪ್ರಶ್ನೆ, ಏಕೆಂದರೆ ಎಂದೂ ಬೀಡಿ ಸೇದದ ಅಪ್ಪ ಆ ಒಂದು ಸಂಜೆ ಸೇದಿದ್ದರೆ ಅದು ಘಟನೆ; ದಿನವೂ ಸೇದುತ್ತಿದ್ದರೆ ಅದು ಬರಿಯ ಹಿನ್ನೆಲೆ. ಜೊತೆಗೆ, ಇಂದಿನ ವಿಚಾರವನ್ನು ಹೇಳಲು ನಿಮಗೆ ಉಳಿದಿರುವುದೂ ಅದೇ ವರ್ತಮಾನ ರೂಪ. ‘ಅಪ್ಪ ಬೀಡಿ ಹಚ್ಚುತ್ತಾನೆ. ನನಗೆ ಹೆದರಿಕೆಯಾಗುತ್ತದೆ. ಅವನು ಒಳಗೇ ಅಳುತ್ತಿದ್ದಾನೆ ಅನಿಸುತ್ತದೆ.’ ಅನಿಸುತ್ತಿರುವುದು ಹುಡುಗನಿಗೋ, ಮುದುಕನಿಗೋ? ಎರಡು ನಾನುಗಳನ್ನು ಬೇರೆಬೇರೆಯಾಗಿ ಇಡಲು ಇದ್ದ ಒಂದೇ ಗೋಡೆಯನ್ನು ನಾವೇ ಕೆಡವಿದಂತಾಯಿತು.

ಹಾಗೆಂದು ವರ್ತಮಾನ ಬೇಡವೆಂದಲ್ಲ. ಅದನ್ನು ಎಲ್ಲಿ, ಎಷ್ಟು ಬಳಸಬೇಕು ಎಂಬುದನ್ನು ನಮ್ಮ ಭಾಗದಲ್ಲಿ ಕಟ್ಟೆಯ ಮೇಲೆ ಕೂತು ಕಥೆ ಹೇಳುವವರಿಂದ ಕಲಿಯಬಹುದು. ಅವರು ಹೀಗೆ ಹೇಳುತ್ತಾರೆ: ‘ರಾತ್ರಿ ಎದ್ದು ಬಾಗಲಾ ತೆಗದೆ. ನೋಡ್ತೀನಿ, ಅಂವ ಕಟ್ಟಿ ಮ್ಯಾಲ ಕುಂತಾನ! ಯಾವಾಗ ಬಂದಿ ಅಂತ ಕೇಳ್ದೆ.’ ತೆಗದೆ ಎಂಬುದು ಭೂತ, ಕೇಳ್ದೆ ಎಂಬುದೂ ಭೂತ. ನಡುವೆ ಎರಡೇ ಕ್ರಿಯಾಪದಗಳು ವರ್ತಮಾನಕ್ಕೆ ಬಂದಿವೆ. ಮೊದಲನೆಯದು ನೋಡುವ ಕ್ರಿಯೆ, ಎರಡನೆಯದು ಕಂಡದ್ದು. ‘ಕುಂತಾನ’ ಎಂಬುದನ್ನು ನಮ್ಮವರು ಕೂತಿದ್ದಾನೆ ಎಂಬ ಅರ್ಥದಲ್ಲಿ ಬಳಸುತ್ತಾರೆ, ಅಂದರೆ ಕೂತು ಆಗಿದೆ, ಆ ಸ್ಥಿತಿ ಈಗ ಕಣ್ಣೆದುರಿಗಿದೆ. ಬಾಗಿಲು ತೆರೆದ ಕ್ಷಣದಲ್ಲಿ ಕೇಳುವವನನ್ನು ಪಕ್ಕಕ್ಕೆ ಕರೆದು ತೋರಿಸಿ, ತೋರಿಸಿದ ಕೂಡಲೇ ಮತ್ತೆ ಅಂದಿಗೆ ಕಳಿಸಿಬಿಡುತ್ತಾರೆ. ಅದೇ ಕಥೆಗಾರ ಮೂರು ಗಂಟೆ ‘ನೋಡ್ತೀನಿ, ಕೇಳ್ತೀನಿ, ಹೋಗ್ತೀನಿ’ ಎನ್ನುತ್ತಾ ಹೋದರೆ ಕಟ್ಟೆಯ ಮೇಲೆ ಯಾರೂ ಉಳಿಯುವುದಿಲ್ಲ. ಬರಹದಲ್ಲೂ ಲೆಕ್ಕ ಇದೇ: ಕಣ್ಣು ಏನನ್ನೋ ಥಟ್ಟನೆ ಕಂಡ ಜಾಗದಲ್ಲಿ ಒಂದೆರಡು ಕ್ರಿಯಾಪದ, ಆಮೇಲೆ ಮತ್ತೆ ಭೂತ.

ಹುಡುಗನ ವರ್ತಮಾನವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕೆಂದರೆ ಕನ್ನಡ ಅದಕ್ಕೊಂದು ಗೂಡು ಕೊಟ್ಟಿದೆ. ಅದು ‘ಎಂದು’ ಎಂಬ ಪದದ ಹಿಂದಿನ ಜಾಗ. ನಾವು ‘ಅಪ್ಪ ಬರುತ್ತಾನೆ ಎಂದು ಅವ್ವ ಹೇಳಿದಳು’ ಎನ್ನುತ್ತೇವೆ. ಹೇಳಿದ್ದು ಭೂತವಾದರೂ ಹೇಳಿದ ಮಾತು ಆಡಿದಾಗ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಇಂಗ್ಲಿಷ್ ಶಾಲೆಗಳಲ್ಲಿ ವಾಕ್ಯ ಬದಲಾಯಿಸುವ ಅಭ್ಯಾಸ ಮಾಡಿದವರು ಕೆಲವೊಮ್ಮೆ ಅದನ್ನೂ ಭೂತಕ್ಕೆ ತಳ್ಳಿ, ‘ಅಪ್ಪ ಬರುತ್ತಿದ್ದ ಎಂದು ಹೇಳಿದಳು’ ಎಂದು ಬರೆಯುತ್ತಾರೆ. ಆಗ ಅರ್ಥವೇ ಬೇರೆಯಾಗುತ್ತದೆ, ಅಪ್ಪ ಹಿಂದೆ ಬರುತ್ತಿದ್ದ, ಈಗ ಬರುವುದಿಲ್ಲ ಎಂದಾಗುತ್ತದೆ. ಈ ಗೂಡಿನೊಳಗೆ ಹುಡುಗನ ಆಸೆ, ಹೆದರಿಕೆ, ತಪ್ಪು ತಿಳಿವಳಿಕೆಗಳು ಅಂದು ಹೇಗಿದ್ದವೋ ಹಾಗೆಯೇ ಹಸಿಯಾಗಿ ಇರಬಹುದು, ಮತ್ತು ಅದರ ಹೊರಗಿನ ಕ್ರಿಯಾಪದ ‘ಇದು ಅಂದಿನದು’ ಎಂದು ಕಾವಲು ಕಾಯುತ್ತಿರುತ್ತದೆ. ‘ನಾಳೆ’ ಎಂಬ ಪದವನ್ನೂ ಅದರೊಳಗೇ ಇಡಿ. ಹೊರಗೆ ಬಂದರೆ ಅದು ‘ಮರುದಿನ’ ಆಗಬೇಕು.

ಇಷ್ಟನ್ನು ಒಂದು ಉದಾಹರಣೆಯ ಮೇಲೆ ತೋರಿಸುತ್ತೇನೆ. ನಿಮ್ಮ ಬರಹವನ್ನು ಎಲ್ಲರೆದುರು ಬಿಚ್ಚುವುದು ಸರಿಯಲ್ಲವಾದ್ದರಿಂದ ನನ್ನದನ್ನೇ ತಂದಿದ್ದೇನೆ. ನಮ್ಮೂರು ಆಳಂದ ತಾಲೂಕಿನಲ್ಲಿ. 1972ರ ಬರದಲ್ಲಿ ನಮ್ಮ ಮನೆಯ ಎರಡು ಎತ್ತುಗಳನ್ನು ಅಪ್ಪ ಮಾರಿದ ಸಂಗತಿ ಇದು. ನನ್ನ ಮೊದಲ ಕರಡು ಹೀಗಿತ್ತು:

‘1972ರ ಬರ. ನನಗೆ ಒಂಬತ್ತು ವರ್ಷ. ಅಪ್ಪ ನಸುಕಿನಲ್ಲಿ ಎದ್ದು ಎತ್ತುಗಳ ಕೊರಳಿನ ಗೆಜ್ಜೆಸರ ಬಿಚ್ಚುತ್ತಾನೆ. ಬಡತನ ಅವನನ್ನು ಹಿಂಡಿಹಾಕಿದೆ. ಎತ್ತು ಹೊಡೆದುಕೊಂಡು ಸಂತೆಗೆ ಹೋದ. ಅವುಗಳನ್ನು ಮಾರಲು ಹೋಗುತ್ತಿದ್ದಾನೆ ಎಂದು ನನಗೆ ಗೊತ್ತಿಲ್ಲ. ಸಂಜೆ ಬರಿಗೈಯಲ್ಲಿ ಬಂದ. ಅವನ ಮನಸ್ಸು ಎಷ್ಟು ನೊಂದಿತ್ತು! ಇಂದಿಗೂ ಆ ಗೆಜ್ಜೆಸರ ನೋಡಿದರೆ ಕಣ್ಣು ತುಂಬಿ ಬರುತ್ತದೆ.’

ಇದನ್ನು ಬರೆದು ಮುಗಿಸಿದಾಗ ನನಗೆ ಚೆನ್ನಾಗಿದೆ ಎಂದೇ ಅನಿಸಿತ್ತು. ಒಂದು ವಾರ ಬಿಟ್ಟು, ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಕೊನೆಯ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಯಾರಿಗೆ, ಯಾವಾಗ ಗೊತ್ತು’ ಎಂದು ಬರೆಯುತ್ತಾ ಹೋದೆ. ‘ಬಿಚ್ಚುತ್ತಾನೆ’ ಎಂಬುದು ಹುಡುಗ ಕಂಡದ್ದು, ಸರಿ. ಆದರೆ ಮುಂದಿನದೇ ವಾಕ್ಯದಲ್ಲಿ ‘ಹಿಂಡಿಹಾಕಿದೆ’ ಎಂದು ಹೇಳುತ್ತಿರುವವನು ಒಂಬತ್ತು ವರ್ಷದವನಲ್ಲ. ಬಡತನ ಎಂಬ ಮಾತೇ ಆಗ ನನ್ನ ಬಾಯಲ್ಲಿರಲಿಲ್ಲ. ಮುದುಕನ ವಿವರಣೆ ಹುಡುಗನ ಕಾಲದ ಅಂಗಿ ತೊಟ್ಟು ಒಳಗೆ ನುಗ್ಗಿದೆ. ‘ಹೋದ’ ಎಂಬಲ್ಲಿ ಯಾವ ಕಾರಣವೂ ಇಲ್ಲದೆ ವರ್ತಮಾನದಿಂದ ಭೂತಕ್ಕೆ ಜಾರಿದ್ದೇನೆ. ಅಲ್ಲಿ ಕಣ್ಣಿಗೆ ಹೊಸದೇನೂ ಕಂಡಿಲ್ಲ, ದಾಟಲು ಹೊಸ ಅರಿವೂ ಬಂದಿಲ್ಲ, ಬರಿಯ ಕೈತಪ್ಪು. ‘ಗೊತ್ತಿಲ್ಲ’ ಎಂಬುದು ನಾನು ಮೊದಲಿಗೆ ಹೇಳಿದ ಅದೇ ತಪ್ಪು. ‘ಎಷ್ಟು ನೊಂದಿತ್ತು’ ಎಂಬುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಊಹೆಯನ್ನು ಕಂಡದ್ದರ ಹಾಗೆ ಬರೆದಿದ್ದೇನೆ.

ಗೆರೆ ಎಳೆಯುತ್ತಿದ್ದಾಗ ಇನ್ನೊಂದು ಸಂಗತಿ ಹೊರಬಿತ್ತು, ಅದು ಕರಡಿನಲ್ಲಿ ಇರಲೇ ಇಲ್ಲ. ಈ ಕಥೆಗೆ ಎರಡು ಕಾಲಗಳಲ್ಲ, ಮೂರು. ಎತ್ತು ಮಾರಿದ ದಿನ ಒಂದು, ಬರೆಯುತ್ತಿರುವ ಇಂದು ಒಂದು, ನಡುವೆ 1994ರಲ್ಲಿ ಅಪ್ಪ ತೀರಿಕೊಂಡ ಮೇಲೆ ಒಂದು ದಿನ. ಅಂದು ಅವ್ವ ಆ ಗೆಜ್ಜೆಸರವನ್ನು ಗೂಟದಿಂದ ತೆಗೆದು ನನ್ನ ಕೈಗಿಟ್ಟು ಹೇಳಿದ್ದು: ‘ನಿಮ್ಮಪ್ಪ ರೊಕ್ಕಕ್ಕ ಮಾರ್ಲಿಲ್ಲ. ಮನ್ಯಾಗ ಕಣಕಿ ಇರ್ಲಿಲ್ಲ. ಗೂಟದಾಗೇ ಸಾಯೂದು ನೋಡಂಗಿಲ್ಲ ನಾ ಅಂದ.’ ಇಪ್ಪತ್ತೆರಡು ವರ್ಷ ನಾನು ಆ ಮೇವಿನ ಕಷ್ಟವನ್ನು ಹಣದ ಕಷ್ಟ ಎಂದೇ ತಿಳಿದಿದ್ದೆ. ‘ಬಡತನ ಹಿಂಡಿಹಾಕಿದೆ’ ಎಂಬ ವಾಕ್ಯ ಹುಡುಗನದೂ ಅಲ್ಲ, ಇಂದಿನ ನನ್ನದೂ ಅಲ್ಲ. ಅದು ಆ ಇಪ್ಪತ್ತೆರಡು ವರ್ಷಗಳ ನನ್ನದು. ಈ ನಡುವಿನ ಕಾಲವನ್ನು ಬಹಳಷ್ಟು ಬರಹಗಾರರು ಮರೆತುಬಿಡುತ್ತಾರೆ. ನಮಗೆ ಯಾವುದೂ ಇಂದು ಮೇಜಿನ ಮುಂದೆ ಕೂತಾಗ ತಿಳಿದದ್ದಲ್ಲ, ಯಾವಾಗಲೋ ಒಂದು ದಿನ ಯಾರೋ ಹೇಳಿ ತಿಳಿದದ್ದು. ಆ ದಿನಕ್ಕೂ ತನ್ನ ಕ್ರಿಯಾಪದ ಬೇಕು. ತಿದ್ದಿದ ಮೇಲೆ ಅದು ಹೀಗಾಯಿತು:

‘1972ರ ಬರ. ನನಗೆ ಒಂಬತ್ತು ವರ್ಷ. ಕೊಟ್ಟಿಗೆಯಲ್ಲಿ ಎರಡೇ ಎತ್ತು. ಆ ದಿನ ನಸುಕಿನಲ್ಲಿ ಅಪ್ಪ ಎದ್ದು, ಎತ್ತುಗಳ ಕೊರಳಿನ ಗೆಜ್ಜೆಸರ ಬಿಚ್ಚಿ ಗೂಟಕ್ಕೆ ಹಾಕಿದ. ಸಂತೆಗೆ ಹೊರಟಿದ್ದಾನೆ, ಬರುವಾಗ ಬೆಂಡು ಬತ್ತಾಸು ತರುತ್ತಾನೆ ಎಂದುಕೊಂಡು ನಾನು ಓಣಿಯ ತುದಿಯವರೆಗೆ ಅವನ ಹಿಂದೆ ಓಡಿದೆ. ಸಂಜೆ ಬಾಗಿಲಲ್ಲಿ ಸದ್ದಾಯಿತು. ಹೊರಗೆ ಬಂದು ನೋಡುತ್ತೇನೆ, ಅಪ್ಪನ ಕೈಯಲ್ಲಿ ಎರಡು ಹಗ್ಗ, ಹಿಂದೆ ಎತ್ತಿಲ್ಲ. ಬತ್ತಾಸಿನ ಪೊಟ್ಟಣವನ್ನು ನನ್ನ ಕೈಗಿಟ್ಟು ಒಳಗೆ ಹೋದ. ರೊಕ್ಕ ಇಲ್ಲದ್ದಕ್ಕೆ ಮಾರಿದ ಎಂದು ದೊಡ್ಡವನಾದ ಮೇಲೆ ನಾನೇ ತೀರ್ಮಾನಿಸಿಕೊಂಡೆ. ಅದು ಹಾಗಲ್ಲ ಎಂದು ಅವ್ವ ಹೇಳಿದ್ದು 1994ರಲ್ಲಿ, ಅಪ್ಪ ತೀರಿಕೊಂಡ ಮೇಲೆ: ಮನೆಯಲ್ಲಿ ಕಣಕಿ ಇರಲಿಲ್ಲ, ಗೂಟದಲ್ಲೇ ಸಾಯುವುದನ್ನು ನೋಡುವುದಿಲ್ಲ ಎಂದಿದ್ದನಂತೆ. ಎಷ್ಟಕ್ಕೆ ಮಾರಿದ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಗೆಜ್ಜೆಸರ ಬಿಚ್ಚುವಾಗ ಅವನು ತಡಮಾಡಿರಬೇಕು. ನನ್ನ ನೆನಪಿನಲ್ಲಿ ಆ ಸದ್ದು ಬಹಳ ಹೊತ್ತು ಇದೆ.’

ಇದರಲ್ಲಿ ಕೆಲವು ಸಂಗತಿಗಳನ್ನು ಮಾತ್ರ ತೋರಿಸುತ್ತೇನೆ. ಮೊದಲ ಮೂರು ವಾಕ್ಯಗಳಲ್ಲಿ ಕ್ರಿಯಾಪದವೇ ಇಲ್ಲ. ‘ನನಗೆ ಒಂಬತ್ತು ವರ್ಷ’ ಎಂಬಲ್ಲಿ ‘ಇತ್ತು’ ಎಂದೂ ಇಲ್ಲ, ‘ಇದೆ’ ಎಂದೂ ಇಲ್ಲ, ಕನ್ನಡಕ್ಕೆ ಎರಡೂ ಬೇಕಾಗಿಲ್ಲ. ಇಂಥ ವಾಕ್ಯ ಹೊಸ್ತಿಲಿನಂತೆ: ಅದರ ಮೇಲೆ ನಿಂತವನು ಒಳಗೂ ಇಲ್ಲ, ಹೊರಗೂ ಇಲ್ಲ. ಇಂದಿನಿಂದ ಅಂದಿಗೆ ಕಾಲಿಡುವಾಗ ಇಂಥ ಒಂದೆರಡು ವಾಕ್ಯ ಇಟ್ಟರೆ ಓದುಗ ಎಡವದೆ ದಾಟುತ್ತಾನೆ. ಆದರೆ ಹೊಸ್ತಿಲ ಮೇಲೆ ಯಾರೂ ಸಂಸಾರ ಹೂಡುವುದಿಲ್ಲ. ಹತ್ತು ವಾಕ್ಯ ಹೀಗೆಯೇ ಸಾಗಿದರೆ ಬರಹ ತಂತಿ ಸುದ್ದಿಯ ಹಾಗೆ ಕೇಳುತ್ತದೆ. ಬೆಂಡು ಬತ್ತಾಸಿನ ಆಸೆ ‘ಎಂದುಕೊಂಡು’ ಎಂಬ ಗೂಡಿನಲ್ಲಿದೆ, ಅದರ ವರ್ತಮಾನ ಕಲಕಿಲ್ಲ. ಕಥೆಯನ್ನು ಕಣ್ಣೆದುರಿಗೆ ತಂದಿರುವುದು ‘ನೋಡುತ್ತೇನೆ’ ಎಂಬ ಒಂದೇ ಕಡೆ, ಮತ್ತು ‘ಹಿಂದೆ ಎತ್ತಿಲ್ಲ’ ಎಂಬುದು ಅದರ ಬಾಲ. ‘ಇರಲಿಲ್ಲ’ ಎಂದಿದ್ದರೆ ಅದು ವರದಿಯಾಗುತ್ತಿತ್ತು; ‘ಇಲ್ಲ’ ಎಂದಾಗ ಹುಡುಗ ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ.

‘ಎಂದಿದ್ದನಂತೆ’ ಎಂಬಲ್ಲಿನ ‘ಅಂತೆ’ಯನ್ನು ಬಿಡಬೇಡಿ. ಆ ಮಾತನ್ನು ನಾನು ಕೇಳಿಲ್ಲ, ಅವ್ವ ಕೇಳಿದ್ದಾಳೆ ಎಂಬುದನ್ನು ಆ ಒಂದು ಪ್ರತ್ಯಯ ಹೇಳಿಬಿಡುತ್ತದೆ. ಹಾಗೆಯೇ ‘ತಡಮಾಡಿರಬೇಕು’ ಎಂಬುದು. ಈ ‘ಇರಬೇಕು’ ಎಂಬುದು ಕನ್ನಡದ ನೆನಪಿನ ಬರಹಕ್ಕೆ ಸಿಕ್ಕ ದೊಡ್ಡ ಸಲಕರಣೆ ಎಂದು ನನಗೆ ಅನಿಸುತ್ತದೆ. ಕ್ರಿಯೆ ಅಂದಿನದು, ಊಹೆ ಇಂದಿನದು. ಎರಡೂ ಒಂದೇ ಪದದೊಳಗೆ ಕೂತಿವೆ. ‘ಈಗ ಹಿಂದಿರುಗಿ ನೋಡಿದಾಗ ನನಗೆ ಅನಿಸುವುದೇನೆಂದರೆ’ ಎಂದು ಪ್ರತಿ ಪುಟಕ್ಕೊಮ್ಮೆ ಮೈಕಿನ ಮುಂದೆ ನಿಂತವರಂತೆ ಘೋಷಿಸುವ ಅಗತ್ಯವೇ ಬೀಳುವುದಿಲ್ಲ. ಇದರ ನಕಾರ ‘ಇರಲಿಕ್ಕಿಲ್ಲ’: ‘ಅವ್ವನಿಗೆ ಆಗ ಮೂವತ್ತು ದಾಟಿರಲಿಲ್ಲ’ ಎಂದರೆ ನನಗೆ ಲೆಕ್ಕ ಗೊತ್ತು, ‘ದಾಟಿರಲಿಕ್ಕಿಲ್ಲ’ ಎಂದರೆ ಇಂದು ಕೂತು ಲೆಕ್ಕ ಹಾಕುತ್ತಿದ್ದೇನೆ. ನಮ್ಮ ಹಿಂದಿನ ತಲೆಮಾರಿನವರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ತಾರೀಖು ಗೊತ್ತಿರಲಿಲ್ಲವಾದ್ದರಿಂದ ಎರಡನೆಯದೇ ಹೆಚ್ಚು ಸಲ ಪ್ರಾಮಾಣಿಕ.

ಕಾಲ ತಪ್ಪಿದರೆ ಬರಹದ ಹೊರಗೂ ಪೇಚು ಕಾದಿರುತ್ತದೆ. ಪರಿಚಿತರೊಬ್ಬರು ಒಂದು ಸ್ಮರಣ ಸಂಚಿಕೆಗೆ ಬರೆದ ಲೇಖನದಲ್ಲಿ, ಊರಿನಲ್ಲಿ ಗಟ್ಟಿಮುಟ್ಟಾಗಿ ಹೊಲ ನೋಡಿಕೊಂಡಿರುವ ತಮ್ಮ ಕಾಕಾನ ಬಗ್ಗೆ ‘ಬಹಳ ಒಳ್ಳೆಯ ಮನುಷ್ಯರಾಗಿದ್ದರು’ ಎಂದು ಹಾಕಿದ್ದರು. ಹೇಳಬೇಕೆಂದಿದ್ದದ್ದು ನಾನು ಚಿಕ್ಕವನಿದ್ದಾಗಲೇ ಅವರು ಒಳ್ಳೆಯವರಾಗಿದ್ದರು ಎಂದು. ಸಂಚಿಕೆ ಹೊರಬಂದ ಮೇಲೆ ನೆಂಟರಿಂದ ಫೋನು ಬರತೊಡಗಿದವು. ಕಾಕಾ ಆ ವರ್ಷ ಜಾತ್ರೆಗೆ ಕರೆಯಲಿಲ್ಲ. ‘ಒಳ್ಳೆಯ ಮನುಷ್ಯರು’ ಎಂದು ಕ್ರಿಯಾಪದವಿಲ್ಲದೆ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು.

ಬಹುವಚನದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಅಪ್ಪನನ್ನು ಮನೆಯಲ್ಲಿ ‘ಬಂದ, ಹೋದ’ ಎಂದೇ ಹೇಳುತ್ತೇವೆ. ವಯಸ್ಸಾದ ಮೇಲೆ, ಪೇಟೆಯ ಜನರೆದುರು ‘ಬಂದರು, ಹೋದರು’ ಎನ್ನಲು ಕಲಿಯುತ್ತೇವೆ. ನಿಮ್ಮ ಕರಡುಗಳಲ್ಲಿ ಇವೆರಡೂ ಬೆರೆತಿವೆ, ಮತ್ತು ಅದನ್ನು ಕಣ್ಣುಮುಚ್ಚಿ ಒಂದೇ ರೂಪಕ್ಕೆ ತರಬೇಡಿ ಎಂಬುದು ನನ್ನ ಸಲಹೆ. ಒಬ್ಬರ ಬರಹದಲ್ಲಿ ಅಂದಿನ ದೃಶ್ಯದಲ್ಲೆಲ್ಲ ಅಪ್ಪ ಏಕವಚನದಲ್ಲಿದ್ದು, ಇಂದಿನ ವಿಚಾರ ಬಂದಾಗಲೆಲ್ಲ ಬಹುವಚನಕ್ಕೆ ಏರುತ್ತಿದ್ದ. ಅವರಿಗೆ ಅರಿವಿಲ್ಲದೆಯೇ ಎರಡು ನಾನುಗಳ ಗುರುತು ಅಲ್ಲಿ ಬಿದ್ದಿತ್ತು. ಊರಿನ ಹೆಸರಿನ ವಿಷಯವೂ ಹೀಗೆಯೇ. 2014ರ ನವೆಂಬರ್ 1ರವರೆಗೆ ಸರ್ಕಾರಿ ಹೆಸರು ಗುಲ್ಬರ್ಗಾ, ಆಮೇಲೆ ಕಲಬುರಗಿ. 1972ರ ರೈಲು ಟಿಕೀಟಿನ ಮೇಲೆ ನೀವು ‘ಕಲಬುರಗಿ’ ಎಂದು ಅಚ್ಚು ಹಾಕಿಸಿದರೆ ಇಂದಿನ ನೀವು ಅಲ್ಲಿ ಇಣುಕಿದಿರಿ ಎಂದೇ ಅರ್ಥ. ಆದರೆ ಅಜ್ಜಿಯ ಬಾಯಲ್ಲಿ ‘ಕಲ್ಬುರ್ಗಿ’ ಎಂದಿರಲು ಅಡ್ಡಿಯಿಲ್ಲ, ಹಳ್ಳಿಯ ಕನ್ನಡದಲ್ಲಿ ಅದು ಮೊದಲಿನಿಂದಲೂ ಹಾಗೆಯೇ ಇತ್ತು.

ತಿದ್ದುವಾಗ ಕ್ರಿಯಾಪದಗಳನ್ನು ಮಾತ್ರ ಗಟ್ಟಿಯಾಗಿ ಓದಿ ನೋಡಿ, ಉಳಿದ ವಾಕ್ಯವನ್ನು ನುಂಗಿಕೊಳ್ಳಿ. ಹಾಕಿದ, ಓಡಿದೆ, ಆಯಿತು, ನೋಡುತ್ತೇನೆ, ಎತ್ತಿಲ್ಲ, ಹೋದ. ಕಾಲ ಎಲ್ಲಿ ಜಾರಿದೆ ಎಂಬುದು ಕಿವಿಗೆ ಕೂಡಲೇ ತಿಳಿಯುತ್ತದೆ. ಜಾರಿದ ಜಾಗದಲ್ಲಿ ಹೊಸದಾಗಿ ಏನೋ ಕಂಡಿದೆಯೇ, ಅಥವಾ ಹೊಸದಾಗಿ ಏನೋ ತಿಳಿದಿದೆಯೇ ನೋಡಿ. ಎರಡೂ ಇಲ್ಲದಿದ್ದರೆ ಅದು ಕೈತಪ್ಪು. ಈ ಓದಿನಲ್ಲಿ ಇನ್ನೊಂದು ರೋಗವೂ ಸಿಕ್ಕಿಬೀಳುತ್ತದೆ: ಏಳುತ್ತಿದ್ದ, ತೊಳೆಯುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ ಎಂದು ಇಡೀ ಪುಟ ಒಂದೇ ತಾಳದಲ್ಲಿ ಕುಟ್ಟುತ್ತಿರುತ್ತದೆ. ‘ಎದ್ದು, ಮುಖ ತೊಳೆದು, ರೊಟ್ಟಿ ಉಂಡು ಹೊಲಕ್ಕೆ ಹೋಗುತ್ತಿದ್ದ’ ಎಂದು ಒಂದೇ ‘ಇದ್ದ’ದ ಕೆಳಗೆ ಕಟ್ಟಿದರೆ ಸಾಕು, ಮುಂದೆ ‘ಒಂದು ದಿನ’ ಎಂದು ಸರಳ ಭೂತಕ್ಕೆ ಇಳಿಯಬಹುದು. ಆ ‘ಒಂದು ದಿನ’ ಬಾರದೆ ಹತ್ತು ಪುಟ ಕಳೆದಿದ್ದರೆ, ನೀವು ಅಪ್ಪನ ದಿನಚರಿ ಬರೆದಿದ್ದೀರಿ, ಅಪ್ಪ ಇನ್ನೂ ಬಂದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ‘ನಮ್ಮವ್ವ ತೀರಿಕೊಂಡು ಹನ್ನೆರಡು ವರ್ಷ ಆತರಿ. ಆದರ ಆಕಿ ಮಾತು ಬರಿಯೂ ಮುಂದ ನನಗ ಅವ್ವ ಹೇಳ್ತಾಳ ಅಂತಾನೇ ಬರತದ. ಹೇಳ್ತಿದ್ದಳು ಅಂತ ತಿದ್ದಬೇಕೇನ್ರಿ?’ ಅವರು ಬರೆದ ಹಾಳೆಯನ್ನು ಕೇಳಿ ಪಡೆದು ನೋಡಿದೆ. ಅಲ್ಲಿ ಎರಡು ಬಗೆಯ ಮಾತುಗಳಿದ್ದವು. ಒಂದು, ‘ಉಪ್ಪು ಹಾಕಿದ ಮ್ಯಾಲ ರುಚಿ ನೋಡು’ ಎಂಬಂಥದ್ದು. ಅಡುಗೆಮನೆಯಲ್ಲಿ ನಿಂತಾಗ ಅವರಿಗೆ ಈಗಲೂ ಕೇಳಿಸುತ್ತದಂತೆ. ಅಲ್ಲಿ ‘ಹೇಳುತ್ತಾಳೆ’ ಎಂಬುದೇ ನಿಜ, ಏಕೆಂದರೆ ಅದನ್ನು ಕೇಳುತ್ತಿರುವವರು ಇಂದಿನವರು. ಇನ್ನೊಂದು, ರಜಾಕಾರರ ಕಾಲದಲ್ಲಿ ಮನೆಯವರೆಲ್ಲ ರಾತ್ರೋರಾತ್ರಿ ಊರು ಬಿಟ್ಟು ಸೊಲ್ಲಾಪುರದ ಕಡೆಗೆ ಹೋದ ಕಥೆ. ಅದನ್ನು ಅವ್ವ ಮಕ್ಕಳಿಗೆ ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ ಹೇಳುತ್ತಿದ್ದರಂತೆ, ಒಮ್ಮೆ ಬಂಡಿಯಲ್ಲಿ, ಒಮ್ಮೆ ನಡೆದುಕೊಂಡು. ಅಲ್ಲಿ ‘ಹೇಳುತ್ತಿದ್ದಳು’ ಎಂದೇ ಇರಲಿ, ಬಂಡಿಯೂ ಇರಲಿ, ನಡಿಗೆಯೂ ಇರಲಿ ಎಂದೆ. ಅವರು ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ‘ಬಂಡಿ’ ಎಂದು ಬರೆದು, ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡರು.